ಉತ್ತರ ಬರೆಯುವ ಗೆರೆ: ಅಭ್ಯಾಸ ಹಾಳೆ ಟೈಪ್ ಮಾಡಿದ ನನ್ನ ಅನುಭವ

ಮಧುಗಿರಿ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಮೊದಲು ಪ್ರಶ್ನೆಪತ್ರಿಕೆ ಕೈಯಲ್ಲಿ ಬರೆದು ಪೇಟೆಯ ಡಿಟಿಪಿ ಅಂಗಡಿಗೆ ಕೊಡುತ್ತಿದ್ದೆ. ಒಮ್ಮೆ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ಮುಂದಿನ ವರ್ಷ ಎರಡು ಪ್ರಶ್ನೆ ಬದಲಿಸಿದರೆ ಸಾಕಲ್ವಾ? ಶಾಲೆಯಲ್ಲಿ ತೆರೆದರೆ ‘ಕನ್ನಡ’ ಇರಬೇಕಾದ ಕಡೆ `PÀ£ÀßqÀ` ಅಂತಿತ್ತು. ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅವತ್ತಿನಿಂದ ನಾನೇ ಯುನಿಕೋಡಿನಲ್ಲಿ ಮಾಡುತ್ತಿದ್ದೇನೆ.

ಟೈಪ್ ಅಂದರೆ ಬಹುಪಾಲು ಓದಿ ಹೇಳುವುದೇ. ಮೊಬೈಲಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಕನ್ನಡ ಕೀಬೋರ್ಡಿನ ಮೈಕ್ ಒತ್ತಿ ಒಂದೊಂದೇ ಪ್ರಶ್ನೆ ಓದುತ್ತೇನೆ. ಹಾಳೆಯ ಫೋಟೊದಿಂದ ಅಕ್ಷರ ತೆಗೆಯುವುದನ್ನೂ ಮಾಡಿ ನೋಡಿದೆ. ಅಚ್ಚಾದ ಪುಟಕ್ಕೆ ಪರವಾಗಿಲ್ಲ, ನನ್ನ ಕೈಬರಹದ ಒತ್ತಕ್ಷರಗಳು ಮಾತ್ರ ಕಲಸಿಹೋದವು. ತಿದ್ದುವ ಕೆಲಸವೇ ಜಾಸ್ತಿ ಆಯಿತು. ಓದಿ ಹೇಳಿದಾಗಲೂ ಲ–ಳ, ನ–ಣ ಅದಲುಬದಲಾಗುತ್ತವೆ. ಅದಕ್ಕೇ ಕೈಬರಹದ ಹಾಳೆ ಪಕ್ಕದಲ್ಲಿಟ್ಟು ಒಂದೊಂದು ಪದವನ್ನೂ ನೋಡುತ್ತೇನೆ.

ಮುಂದಿನದು ಶಾಲೆಯ ಕಂಪ್ಯೂಟರಿನಲ್ಲಿ, ಲಿಬ್ರೆಆಫೀಸ್ ರೈಟರ್‌ನಲ್ಲಿ. ಪುಟ A4, ಎಲ್ಲ ಕಡೆ 2 ಸೆಂ.ಮೀ. ಅಂಚು, ಅಕ್ಷರದ ಅಳತೆ 16. ‘ಹೊಂದಿಸಿ ಬರೆಯಿರಿ’ ಬಂದರೆ ಎರಡು ಕಾಲಮ್ಮಿನ ಟೇಬಲ್ ಹಾಕಿ ಅದರ ಗೆರೆ ತೆಗೆದುಬಿಡುತ್ತೇನೆ.

ಬಹಳ ದಿನ ಸತಾಯಿಸಿದ್ದು ಉತ್ತರ ಬರೆಯುವ ಗೆರೆ. ‘ಜಯಮಂಗಲಿ ನದಿ ಎಲ್ಲಿ ಹುಟ್ಟುತ್ತದೆ?’ ಅಂತ ಒಂದು ಪ್ರಶ್ನೆ. ದೇವರಾಯನದುರ್ಗ ಅಂತ ಮಗು ಬರೆಯಬೇಕು. ಕೆಳಗೆ ಅಂಡರ್‌ಸ್ಕೋರ್ ಒತ್ತುತ್ತಾ ಹೋದೆ. ಒಂದು ಗೆರೆ ಮೋಟಾಯಿತು, ಇನ್ನೊಂದು ಮುಂದಿನ ಸಾಲಿಗೆ ಹಾರಿತು. ಅಕ್ಷರದ ಅಳತೆ ಬದಲಿಸಿದರೆ ಎಲ್ಲವೂ ಮತ್ತೆ ಕದಲುತ್ತಿತ್ತು.

ಈಗ ಟ್ಯಾಬ್ ಬಳಸುತ್ತೇನೆ. ಗೆರೆ ಬೇಕಾದ ಸಾಲಿನಲ್ಲಿ ಕರ್ಸರ್ ಇಟ್ಟು `Format → Paragraph → Tabs` ತೆರೆಯಬೇಕು. Position 17 ಸೆಂ.ಮೀ., Type ಅಂದಲ್ಲಿ Right, Fill Character ಅಂದಲ್ಲಿ ಅಂಡರ್‌ಸ್ಕೋರ್ ಆರಿಸಿ New, ಆಮೇಲೆ OK. ಹಾಳೆಯ ಅಗಲ 21, ಎರಡು ಅಂಚಿಗೆ 4 ಹೋಯಿತು, ಉಳಿದದ್ದು 17. ಇನ್ನು Tab ಕೀ ಒಂದೇ ಸಲ ಒತ್ತಿದರೆ ಗೆರೆ ಬಲ ಅಂಚಿನವರೆಗೆ ನೆಟ್ಟಗೆ ಹೋಗಿ ನಿಲ್ಲುತ್ತದೆ. ಆ ಸಾಲಿನ Line Spacing ಅನ್ನು Fixed ಮಾಡಿ 1 ಸೆಂ.ಮೀ. ಕೊಡುತ್ತೇನೆ. ಅದಕ್ಕಿಂತ ಕಡಿಮೆ ಇದ್ದಾಗ ಅಕ್ಷರದ ಕೆಳಗೆ ಒತ್ತಕ್ಷರ ಬರೆಯಲು ಜಾಗ ಸಾಲದೆ ಮಕ್ಕಳು ಅಕ್ಷರಗಳನ್ನು ಒಂದರ ಮೇಲೊಂದು ಹತ್ತಿಸುತ್ತಿದ್ದರು.

ಅಂಗಡಿಗೆ ಒಯ್ಯುವುದು ಪಿಡಿಎಫ್ ಮಾತ್ರ. ಅಲ್ಲಿ ಬೇರೆ ಫಾಂಟ್ ಇದ್ದರೂ ಹಾಳೆ ಕದಲುವುದಿಲ್ಲ. ಪ್ರಿಂಟ್ ಕೊಡುವಾಗ Fit ಬೇಡ, Actual size ಇಡಿ ಅಂತ ಹೇಳುತ್ತೇನೆ. Fit ಇದ್ದರೆ ಪುಟ ಸ್ವಲ್ಪ ಕುಗ್ಗಬಹುದು. ಮೊದಲ ಪ್ರತಿ ಬಂದ ಕೂಡಲೇ ಸ್ಕೇಲ್ ಇಟ್ಟು ಎರಡು ಗೆರೆಗಳ ನಡುವೆ 1 ಸೆಂ.ಮೀ. ಇದೆಯಾ ಅಂತ ಅಳೆಯುತ್ತೇನೆ. ಸರಿ ಇದ್ದರೆ ಮಾತ್ರ ಉಳಿದದ್ದನ್ನು ಜೆರಾಕ್ಸ್ ಮಾಡಿಸುತ್ತೇನೆ.