ಚೌತಿ ಮಾರಾಟದ ಉದ್ಘಾಟನೆಗೆ ಅಂಗಡಿ ಮಾಲೀಕರ ಎರಡು ನಿಮಿಷದ ಮಾತು

ಶಿರಸಿ ಕಡೆ ಚೌತಿ ಹೊತ್ತಿಗೆ ಮಳೆ ಬಿಟ್ಟಿರುವುದಿಲ್ಲ. ಜನ ಕೊಡೆ ಹಿಡಿದು ನಿಂತಿರುತ್ತಾರೆ, ಹಾಗಾಗಿ ಮಾತು ಎರಡು ನಿಮಿಷ ಮೀರಬಾರದು. ರಿಬ್ಬನ್ ಕತ್ತರಿಸುವ ಮೊದಲೇ ಮಾತಾಡಿ. ಬಾಗಿಲು ತೆರೆದ ಮೇಲೆ ಎಲ್ಲರ ಕಣ್ಣು ಬಟ್ಟೆಯ ಮೇಲೆ, ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಹೆಚ್ಚಿನವರು ಎಡವುವುದು ಗಣ್ಯರ ಹೆಸರಿನ ಪಟ್ಟಿಯಲ್ಲಿ. ಒಂದು ಹೆಸರು ಬಿಟ್ಟರೂ ಬೇಸರ, ಎಲ್ಲ ಓದಿದರೆ ಗಿರಾಕಿಗಳ ಸರದಿ ಕೊನೆಗೆ. ಆ ಕೆಲಸ ನಿರೂಪಕರಿಗೆ ಬಿಡಿ. ನಿಮ್ಮ ಮೊದಲ ವಾಕ್ಯವೇ ಗಿರಾಕಿಗಳಿಗಿರಲಿ:

"ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಸಿದ್ದಾಪುರ, ಯಲ್ಲಾಪುರದಿಂದ ಬಸ್ ಹತ್ತಿ ಬಂದಿದ್ದೀರಿ, ತುಂಬಾ ಉಪಕಾರ ಆಯ್ತು. ಅಡಿಕೆ ದರ ಇಳಿದ ವರ್ಷವೂ ನೀವು ನಮ್ಮ ಅಂಗಡಿ ಬಿಡಲಿಲ್ಲ. ಮಕ್ಕಳ ಬಟ್ಟೆಗೆ ಚೌತಿವರೆಗೆ ಶೇ. 20 ರಿಯಾಯಿತಿ ಇದೆ. ಅಳತೆ ಸರಿಯಾಗದಿದ್ದರೆ ಬಿಲ್ ತನ್ನಿ, ಏಳು ದಿನದೊಳಗೆ ಬದಲಿಸಿಕೊಡುತ್ತೇವೆ. ನಮ್ಮ ಹುಡುಗರು, ಹುಡುಗಿಯರು ರಾತ್ರಿಯೆಲ್ಲ ಬಟ್ಟೆ ಜೋಡಿಸಿದ್ದಾರೆ, ಅವರಿಗೂ ಧನ್ಯವಾದ. ಬನ್ನಿ, ಒಳಗೆ ಬಿಸಿ ಕಷಾಯ ಇದೆ."

ಊರು, ದರ, ದಿನ ನಿಮ್ಮ ಅಂಗಡಿಗೆ ಹೊಂದುವಂತೆ ಬದಲಿಸಿ. ರಿಯಾಯಿತಿ ಒಂದನ್ನೇ ಹೇಳಿ, ಉಳಿದದ್ದು ಬೋರ್ಡಿನಲ್ಲಿರಲಿ. ನಾಲ್ಕೈದು ಹೇಳಿದರೆ ಯಾವುದಕ್ಕೆ ಎಷ್ಟು ಎಂಬುದು ಕಲಸಿಹೋಗಿ, ಬಿಲ್ ಕೌಂಟರಿನಲ್ಲಿ ಚರ್ಚೆ ಶುರುವಾಗುತ್ತದೆ. "ಎಲ್ಲದಕ್ಕೂ" ಎನ್ನುವ ಪದವನ್ನಂತೂ ಬಳಸಲೇಬೇಡಿ, ಹೊಸ ಸ್ಟಾಕಿಗೂ ಅದೇ ದರ ಕೇಳುತ್ತಾರೆ. ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ಮೈಕ್ ಬಾಯಿಗೆ ನಾಲ್ಕು ಬೆರಳು ದೂರಕ್ಕೆ ತನ್ನಿ, ಕಿರುಚಬೇಡಿ.