ಪಾಲಿಸಿಗಳೆಲ್ಲ ಒಂದೇ ಖಾತೆಯಲ್ಲಿ: ಕಂತು ತಪ್ಪದಂತೆ, ನಾಮಿನಿ ಹೆಸರು ತಪ್ಪಾಗದಂತೆ

ದಾವಣಗೆರೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನರಿಗೆ 38 ವರ್ಷ. ಮದುವೆಗೆ ಮೊದಲು ಮಾಡಿಸಿದ ಒಂದು ಜೀವ ವಿಮೆ, ಆಮೇಲೆ ತೆಗೆದುಕೊಂಡ ಟರ್ಮ್ ಪಾಲಿಸಿ, ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ, ಸ್ಕೂಟರ್ ವಿಮೆ, ಬ್ಯಾಂಕಿನಲ್ಲಿ ಸಹಿ ಹಾಕಿದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಜೀವ ವಿಮೆಯ ಬಾಂಡ್ ಬೀರುವಿನಲ್ಲಿದೆ, ಟರ್ಮ್ ಪಾಲಿಸಿ ಹಳೆಯ ಕಚೇರಿಯ ಇಮೇಲ್‌ನಲ್ಲಿದೆ, ಸ್ಕೂಟರಿನದ್ದು ಡೀಲರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶದಲ್ಲಿದೆ. ಹಣ ಕಟ್ಟುವವರು ಅವರೊಬ್ಬರೇ. ನಾಳೆ ಕ್ಲೇಮ್ ಮಾಡಬೇಕಾದ ಹೆಂಡತಿಗೆ ಇವುಗಳಲ್ಲಿ ಎಷ್ಟು ಗೊತ್ತಿದೆ ಎಂಬುದೇ ಮುಖ್ಯ.

ಪಾಸ್‌ಬುಕ್‌ನಿಂದ ಶುರು ಮಾಡಿ

ಬೀರು ಹುಡುಕುವ ಮೊದಲು ಎಲ್ಲ ಬ್ಯಾಂಕ್ ಖಾತೆಗಳ ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ಹನ್ನೆರಡು ಸಾಲದು, ವರ್ಷಕ್ಕೊಮ್ಮೆ ಹೋಗುವ ಕಂತು ಒಂದೆರಡು ದಿನ ಆಚೀಚೆಯಾದರೆ ಕಣ್ಣು ತಪ್ಪುತ್ತದೆ. ಅದರಲ್ಲಿ ಹಣ ತಾನಾಗಿ ಕಡಿತವಾದದ್ದನ್ನು ತೋರಿಸುವ `NACH`, `ECS`, ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳ `PMJJBY`, `PMSBY` ಎಂದಿರುವ ಸಾಲುಗಳನ್ನೂ ವಿಮಾ ಕಂಪನಿಗಳ ಹೆಸರನ್ನೂ ಗುರುತು ಮಾಡಿ. ಮರೆತೇಹೋದ ಪಾಲಿಸಿಗಳು ಸಾಮಾನ್ಯವಾಗಿ ಸಿಗುವುದು ಇಲ್ಲಿಯೇ. ಕ್ರೆಡಿಟ್ ಕಾರ್ಡ್ ಬಿಲ್ಲನ್ನೂ ಹೀಗೆಯೇ ನೋಡಿ.

ಇ-ವಿಮಾ ಖಾತೆ ತೆರೆಯಿರಿ

ಷೇರುಗಳಿಗೆ ಡಿಮ್ಯಾಟ್ ಖಾತೆ ಇರುವಂತೆ ಪಾಲಿಸಿಗಳಿಗೆ ಇ-ಇನ್ಶೂರೆನ್ಸ್ ಖಾತೆ ಇದೆ. ಕ್ಯಾಮ್ಸ್ ರೆಪಾಸಿಟರಿ, ನ್ಯಾಷನಲ್ ಇನ್ಶೂರೆನ್ಸ್ ರೆಪಾಸಿಟರಿ ಮೊದಲಾದ, ವಿಮಾ ನಿಯಂತ್ರಣ ಪ್ರಾಧಿಕಾರದ ಅನುಮತಿ ಪಡೆದ ಸಂಸ್ಥೆಗಳು ಇದನ್ನು ನಡೆಸುತ್ತವೆ. ತೆರೆಯಲು ಶುಲ್ಕವಿಲ್ಲ, ಆಧಾರ್, ಪ್ಯಾನ್, ಮೊಬೈಲ್ ಸಂಖ್ಯೆ ಬೇಕು. ಒಬ್ಬರಿಗೆ ಒಂದೇ ಖಾತೆ. 2024ರ ಏಪ್ರಿಲ್ 1ರಿಂದ ಹೊಸ ಪಾಲಿಸಿಗಳನ್ನು ಡಿಜಿಟಲ್ ರೂಪದಲ್ಲಿ ಕೊಡುವುದು ಕಡ್ಡಾಯವಾಗಿರುವುದರಿಂದ, ಮುಂದೆ ಪಾಲಿಸಿ ತೆಗೆದುಕೊಳ್ಳುವಾಗ ಈ ಖಾತೆಯ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಿರಿ. ಹಳೆಯ ಕಾಗದದ ಪಾಲಿಸಿಗೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. ಖಾತೆ ತೆರೆದ ಮಾತ್ರಕ್ಕೆ ಅದು ತಾನಾಗಿ ಬಂದು ಸೇರುವುದಿಲ್ಲ.

ಜೀವನ ಜ್ಯೋತಿಯಂಥ ಬ್ಯಾಂಕಿನ ಗುಂಪು ವಿಮೆ ಇಲ್ಲಿ ಕಾಣುತ್ತದೆಂದು ನಂಬಿ ಕೂರಬೇಡಿ. ಖಾತೆಗೆ ಸೇರದ ಪಾಲಿಸಿಗಳ ಪಿಡಿಎಫ್ ಅನ್ನು ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಂಡು ಒಂದು ಫೋಲ್ಡರ್‌ನಲ್ಲಿಡಿ. ಎಷ್ಟೋ ಪಿಡಿಎಫ್‌ಗಳಿಗೆ ಪಾಸ್‌ವರ್ಡ್ ಇರುತ್ತದೆ. ಅದನ್ನು ಮನೆಯವರಿಗೂ ತಿಳಿಸದಿದ್ದರೆ ಕಡತ ಇದ್ದೂ ಇಲ್ಲದಂತೆ.

ಖಾತೆ ತೆರೆಯುವಾಗ ‘ಅಧಿಕೃತ ಪ್ರತಿನಿಧಿ’ ಯಾರೆಂದು ಕೇಳುತ್ತಾರೆ. ನೀವು ಇಲ್ಲವಾದಾಗ ಖಾತೆಯಲ್ಲಿ ಏನೇನಿದೆ ಎಂದು ನೋಡುವ ಹಕ್ಕು ಮಾತ್ರ ಇವರಿಗಿದೆ, ಹಣ ಪಡೆಯುವ ಹಕ್ಕಿಲ್ಲ. ಹಣ ಹೋಗುವುದು ಆಯಾ ಪಾಲಿಸಿಯ ನಾಮಿನಿಗೆ. ಇಲ್ಲಿ ಹೆಂಡತಿಯ ಹೆಸರು ಬರೆದು, ನಾಮಿನಿ ಕೆಲಸವೂ ಮುಗಿಯಿತೆಂದು ಸುಮ್ಮನಾಗುವವರಿದ್ದಾರೆ.

ದಿನಾಂಕದ ಜೊತೆ ರಿಯಾಯಿತಿ ಅವಧಿಯನ್ನೂ ಬರೆಯಿರಿ

ಒಂದು ಪಟ್ಟಿ ಮಾಡಿ: ಪಾಲಿಸಿ ಸಂಖ್ಯೆ, ಕೊನೆಯ ದಿನ, ರಿಯಾಯಿತಿ ಅವಧಿ ಅಂದರೆ ಆ ದಿನ ತಪ್ಪಿದರೂ ಕಟ್ಟಲು ಸಿಗುವ ಹೆಚ್ಚುವರಿ ದಿನಗಳು, ಕಂತು, ಯಾವ ಬ್ಯಾಂಕ್ ಖಾತೆ, ನಾಮಿನಿ. ಮೊಬೈಲ್ ಕ್ಯಾಲೆಂಡರ್‌ನಲ್ಲಿ ಮೂವತ್ತು ದಿನ ಮೊದಲು ಒಂದು, ಏಳು ದಿನ ಮೊದಲು ಇನ್ನೊಂದು ನೆನಪೋಲೆ ಇಡಿ.

ದಿನ ತಪ್ಪಿದರೆ ಆಗುವ ನಷ್ಟ ಎಲ್ಲ ಪಾಲಿಸಿಗೂ ಒಂದೇ ಅಲ್ಲ. ಜೀವ ವಿಮೆಯಲ್ಲಿ ತಿಂಗಳ ಕಂತಿಗೆ 15 ದಿನ, ಉಳಿದ ಕಂತುಗಳಿಗೆ 30 ದಿನ ರಿಯಾಯಿತಿ ಇದೆ. ಆ ಅವಧಿಯಲ್ಲಿ ಸಾವು ಸಂಭವಿಸಿದರೂ ಬಾಕಿ ಕಂತು ಕಳೆದು ಹಣ ಕೊಡುತ್ತಾರೆ. ವರ್ಷಕ್ಕೊಮ್ಮೆ ಕಟ್ಟುವ ಆರೋಗ್ಯ ವಿಮೆಯಲ್ಲೂ 30 ದಿನ ಇದೆ, ಆದರೆ ಅದು ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗದಂತೆ ಉಳಿಸುತ್ತದೆಯೇ ಹೊರತು, ನಡುವೆ ಆಸ್ಪತ್ರೆ ಸೇರಿದರೆ ಬಿಲ್ ಕೊಡುವುದಿಲ್ಲ.

ಸ್ಕೂಟರಿಗೆ ಒಂದು ದಿನವೂ ರಿಯಾಯಿತಿ ಇಲ್ಲ. ತೊಂಬತ್ತು ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಕೂಡ ಕೈತಪ್ಪುತ್ತದೆ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ವಿಮೆ ಇದೆಯಲ್ಲ ಎನ್ನುತ್ತಾರೆ. ಆ ಐದು ವರ್ಷ ಥರ್ಡ್ ಪಾರ್ಟಿಗೆ ಮಾತ್ರ. ಸ್ವಂತ ಗಾಡಿಯ ಹಾನಿಗೆ ಕೊಡುವ ಭಾಗ ಹೆಚ್ಚಾಗಿ ಒಂದೇ ವರ್ಷದ್ದು. ಪಟ್ಟಿಯಲ್ಲಿ ಸ್ಕೂಟರಿಗೆ ಎರಡು ದಿನಾಂಕ ಬರೆಯಿರಿ.

ಆಟೋ ಡೆಬಿಟ್ ಎಲ್ಲಿ ಕೈಕೊಡುತ್ತದೆ

ಆಟೋ ಡೆಬಿಟ್ ಅನುಮತಿ ಒಂದು ನಿರ್ದಿಷ್ಟ ಬ್ಯಾಂಕ್ ಖಾತೆಗೆ ಅಥವಾ ಕಾರ್ಡಿಗೆ ಅಂಟಿಕೊಂಡಿರುತ್ತದೆ, ನಿಮಗಲ್ಲ. ಕೆಲಸ ಬದಲಾಯಿಸಿ ಹಳೆಯ ಸಂಬಳದ ಖಾತೆಯನ್ನು ಮುಚ್ಚಿದರೆ ಅದರೊಂದಿಗೆ ಅನುಮತಿಯೂ ಸತ್ತಂತೆ. ಆದ್ದರಿಂದ ಮೊದಲು ಹೊಸ ಖಾತೆಯಿಂದ ಅನುಮತಿ ಕೊಡಿ, ಅದು ಜಾರಿಯಾಗಿದೆ ಎಂಬ ಸಂದೇಶ ಬರಲಿ, ಒಂದು ಕಂತು ಹೋಗಲಿ. ಹಳೆಯದನ್ನು ಮುಚ್ಚುವುದು ಆಮೇಲೆ. ನಡುವೆ ಕಂತಿನ ದಿನ ಬಂದರೆ ಕಂಪನಿಯ ಜಾಲತಾಣದಲ್ಲಿ ಕೈಯಾರೆ ಕಟ್ಟಿ.

ಇನ್ನೊಂದು ಅಡಚಣೆ ಗರಿಷ್ಠ ಮಿತಿ. ನಮ್ಮ ದಾವಣಗೆರೆಯ ಕುಟುಂಬ ಆರೋಗ್ಯ ವಿಮೆಗೆ ₹20,000 ಮಿತಿಯ ಅನುಮತಿ ಕೊಟ್ಟಿತ್ತು ಎನ್ನಿ. ವಯಸ್ಸಿನ ಹಂತ ದಾಟಿ ಕಂತು ₹21,600 ಆದರೆ ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಹಣ ಹೋಗದು. ನವೀಕರಣದ ನೋಟಿಸ್ ಬಂದ ಕೂಡಲೇ ಹೊಸ ಕಂತನ್ನು ಅನುಮತಿಯ ಮಿತಿಯೊಂದಿಗೆ ಹೋಲಿಸಿ ನೋಡಿ. ಕಾರ್ಡ್ ಮತ್ತು ಯುಪಿಐ ಮೂಲಕ ವಿಮಾ ಕಂತು ₹1 ಲಕ್ಷದವರೆಗೆ ಪ್ರತಿ ಬಾರಿಯ ಒಟಿಪಿ ಇಲ್ಲದೆ ಹೋಗಬಹುದು. ಅದನ್ನು ಮೀರಿದರೆ ನಿಮ್ಮ ಒಪ್ಪಿಗೆ ಪ್ರತಿ ಸಲ ಬೇಕು. ಕಡಿತಕ್ಕೆ 24 ಗಂಟೆ ಮೊದಲು ಬರುವ ಸಂದೇಶವನ್ನು ಜಾಹೀರಾತೆಂದು ಅಳಿಸಬೇಡಿ.

ಹಣ ಎರಡು ಕಡೆ ಹೋಗುವುದೂ ಉಂಟು. ಜೀವನ ಜ್ಯೋತಿಗೆ ₹436, ಪ್ರಧಾನಮಂತ್ರಿ ಸುರಕ್ಷಾ ಅಪಘಾತ ವಿಮೆಗೆ ₹20 ಮೇ ಕೊನೆಯ ವಾರದಲ್ಲಿ ಕಡಿತವಾಗುತ್ತದೆ. ರಕ್ಷಣೆ ಜೂನ್ 1ರಿಂದ ಮೇ 31ರವರೆಗೆ. ಎರಡು ಬ್ಯಾಂಕುಗಳಲ್ಲಿ ಸಹಿ ಹಾಕಿದ್ದರೆ ಎರಡೂ ಕಡೆ ಹೋಗಬಹುದು, ಆದರೆ ಜೀವನ ಜ್ಯೋತಿಯಲ್ಲಿ ಸಿಗುವುದು ಒಂದೇ ₹2 ಲಕ್ಷ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಮೇ ಮಧ್ಯದೊಳಗೆ ಲಿಖಿತವಾಗಿ ರದ್ದು ಮಾಡಿಸಿ. ಉಳಿಸಿಕೊಂಡ ಖಾತೆಯಲ್ಲಿ ಮೇ 25ರ ಹೊತ್ತಿಗೆ ಹಣವಿರಲಿ. ಅದು ತಪ್ಪಿ ಮತ್ತೆ ಸೇರಿದರೆ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗಷ್ಟೇ ಪರಿಹಾರ.

ನಾಮಿನಿ: ಪಾಲಿಸಿ ಪಾಲಿಸಿಗೂ ಬೇರೆ

ಮದುವೆಗೆ ಮೊದಲು ಮಾಡಿಸಿದ ಆ ಜೀವ ವಿಮೆಯಲ್ಲಿ ನಾಮಿನಿ ತಾಯಿ. ತಾಯಿ ತೀರಿಕೊಂಡಿದ್ದಾರೆ. ಮದುವೆಯಾದ ಕಾರಣಕ್ಕೆ ಹೆಂಡತಿಯ ಹೆಸರು ತಾನಾಗಿ ಬರುವುದಿಲ್ಲ. ಬ್ಯಾಂಕ್ ಖಾತೆಯಲ್ಲಿ ಬದಲಿಸಿದರೂ ಪಾಲಿಸಿಯಲ್ಲಿ ಬದಲಾಗುವುದಿಲ್ಲ. ಹೀಗೆಯೇ ಬಿಟ್ಟರೆ ಹಣ ಕಾನೂನುಬದ್ಧ ವಾರಸುದಾರರಿಗೆ ಸೇರಬೇಕಾಗುತ್ತದೆ, ಕಂಪನಿ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಲು ಹೇಳಬಹುದು. ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸಕ್ಕೆ ದುಃಖದಲ್ಲಿರುವ ಹೆಣ್ಣುಮಗಳನ್ನು ಕೋರ್ಟಿಗೆ ಅಲೆಸುವುದು ಅನ್ಯಾಯ.

ಹೆಸರಿನ ವ್ಯತ್ಯಾಸ ನಮ್ಮಲ್ಲಿ ತುಂಬಾ ಸಾಮಾನ್ಯ. ಪಾಲಿಸಿಯಲ್ಲಿ ‘ಸವಿತಾ ಎಂ.’, ಆಧಾರ್‌ನಲ್ಲಿ ‘ಸವಿತಮ್ಮ’, ಬ್ಯಾಂಕಿನಲ್ಲಿ ‘ಸವಿತಾ ಮಂಜುನಾಥ’. ನಾಮಿನಿಯ ಆಧಾರ್ ಮತ್ತು ಪಾಸ್‌ಬುಕ್‌ನಲ್ಲಿ ಒಂದೇ ಕಾಗುಣಿತ ಇರುವಂತೆ ಮಾಡಿ, ಅದನ್ನೇ ಪಾಲಿಸಿಗೂ ಬರೆಸಿ. ಮಗುವನ್ನು ನಾಮಿನಿ ಮಾಡಿದರೆ ಅದರ ಪರವಾಗಿ ಹಣ ಪಡೆಯುವ ವಯಸ್ಕರ ಹೆಸರನ್ನೂ ನಮೂದಿಸಬೇಕು. 2015ರ ತಿದ್ದುಪಡಿಯ ನಂತರ ಜೀವ ವಿಮೆಯಲ್ಲಿ ತಂದೆತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಸಾಮಾನ್ಯವಾಗಿ ಅವರದೇ ಆಗುತ್ತದೆ. ಅಣ್ಣ ಅಥವಾ ಸ್ನೇಹಿತ ನಾಮಿನಿಯಾದರೆ ಅವರು ಪಡೆದದ್ದನ್ನು ವಾರಸುದಾರರು ಕೇಳಬಹುದು.

ಬದಲಾವಣೆಯ ಅರ್ಜಿ ಕೊಟ್ಟರೆ ಸಾಲದು. ಕಂಪನಿ ಅದನ್ನು ದಾಖಲಿಸಿಕೊಂಡು ಕೊಡುವ ದೃಢೀಕರಣ ಪತ್ರ ಕೈಗೆ ಬಂದ ಮೇಲೆ ಅದನ್ನೂ ಅದೇ ಫೋಲ್ಡರ್‌ಗೆ ಸೇರಿಸಿ. ಸ್ಕೂಟರ್ ಪಾಲಿಸಿಯನ್ನೂ ಬಿಡಬೇಡಿ: ಅದರೊಳಗೆ ಮಾಲೀಕ-ಚಾಲಕರಿಗೆ ₹15 ಲಕ್ಷದ ಅಪಘಾತ ವಿಮೆ ಇದ್ದರೆ ಅದಕ್ಕೂ ನಾಮಿನಿ ಬೇಕು. ಆನ್‌ಲೈನ್‌ನಲ್ಲಿ ಅವಸರದಲ್ಲಿ ನವೀಕರಿಸುವಾಗ ಹಳೆಯ ಹೆಸರೇ ಮುಂದುವರಿದಿರಬಹುದು. ಪ್ರತಿ ನವೀಕರಣದಲ್ಲೂ ಹಣ ಕಟ್ಟುವ ಮೊದಲು ಆ ಸಾಲನ್ನು ಓದಿ.