ಮಳೆಕೋಟಿನ ಒಳಮೈ

ಆಗುಂಬೆ ಸೀಮೆಯಲ್ಲಿ ಮನೆಮನೆಗೆ ಅಂಚೆ ಹಂಚುವುದು ನನ್ನ ಕೆಲಸ. ರಸ್ತೆ ಇರುವಲ್ಲಿ ಬೈಕು, ಇಲ್ಲದ ಕಡೆ ಗದ್ದೆಯ ಬದು, ಅಡಿಕೆ ತೋಟ, ಸಂಕ ದಾಟಿಕೊಂಡು ನಡಿಗೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿದು. ಆರಿದ್ರಾದಿಂದ ಪುಷ್ಯ ಮಳೆ ಮುಗಿಯುವವರೆಗೆ ಮಳೆಕೋಟು ನನಗೆ ಎರಡನೇ ಚರ್ಮ.

ಕೆಲಸಕ್ಕೆ ಸೇರಿದ ವರ್ಷ ನೈಲಾನ್ ಕೋಟು ಮತ್ತು ಪ್ಯಾಂಟಿನ ಜೋಡಿ ತೆಗೆದುಕೊಂಡೆ. ಹಗುರ, ಮಡಿಚಿದರೆ ಅಂಗೈಯಷ್ಟು. ಆರಿದ್ರಾ ಮಳೆಯ ಎರಡನೇ ದಿನ ಬೈಕು ಹತ್ತಿ ಅರ್ಧ ಗಂಟೆಯಾಗುವುದರೊಳಗೆ ತೊಡೆಸಂದಿಯಲ್ಲಿ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಒಳಗಿನ ಪ್ಯಾಂಟು ಹಿಂಡುವಂತಿತ್ತು. ಬಟ್ಟೆಯೇ ಕಳಪೆ ಎಂದುಕೊಂಡೆ. ಆದರೆ ಬೆನ್ನು, ಮೊಣಕಾಲು ಒಣಗಿಯೇ ಇದ್ದವು. ಅದೇ ಬಟ್ಟೆ ಒಂದು ಕಡೆ ಸೋರಿ ಇನ್ನೊಂದು ಕಡೆ ಸೋರದೆ ಇದ್ದುದು ಹೇಗೆ ಎಂಬುದು ತಲೆಯಲ್ಲಿ ಕೊರೆಯತೊಡಗಿತು.

ರಾತ್ರಿ ಆ ಪ್ಯಾಂಟನ್ನು ಒರೆಸಿ ಒಣಗಿಸಿ, ಕುಳಿತುಕೊಳ್ಳುವ ಭಾಗವನ್ನು ಬಕೆಟ್ಟಿನ ಬಾಯಿಗೆ ಜೋಲಿಯಂತೆ ಹಿಡಿದು, ಒಳಮೈಯ ಕಡೆಯಿಂದ ಎರಡು ಚೊಂಬು ನೀರು ಹೊಯ್ದೆ. ಹತ್ತು ನಿಮಿಷ ಕಾದು ಅಡಿಯಲ್ಲಿ ಟಾರ್ಚು ಹಾಕಿ ನೋಡಿದರೆ ಬಟ್ಟೆಯ ಬಯಲಿನಲ್ಲಿ ಒಂದು ಹನಿಯೂ ಇಲ್ಲ. ನಡುವಿನ ಹೊಲಿಗೆಯುದ್ದಕ್ಕೂ ಸಾಸಿವೆ ಕಾಳು ಪೋಣಿಸಿದಂತೆ ನೀರಿನ ಮಣಿಗಳು. ನಾಲ್ಕು ಹೊಲಿಗೆಗಳು ಕೂಡುವ ಜಾಗದಲ್ಲಂತೂ ಹನಿ ತೊಟ್ಟಿಕ್ಕುತ್ತಿತ್ತು.

ಮಾರನೆಯ ದಿನ ಪೇಟೆಯ ದರ್ಜಿಗೆ ತೋರಿಸಿದೆ. ಅವರು ಅಳತೆಪಟ್ಟಿ ಇಟ್ಟು ಎಣಿಸಿದರು: ಸೆಂಟಿಮೀಟರಿಗೆ ಮೂರು ಹೊಲಿಗೆ. ಅಂಥ ಬಟ್ಟೆಗೆ ಹಾಕುವ ಸೂಜಿ ಸುಮಾರು 0.9 ಮಿಲಿಮೀಟರ್ ದಪ್ಪ. ನಡುವಿನ ಹೊಲಿಗೆ 60 ಸೆಂಟಿಮೀಟರ್ ಇತ್ತು, ಅದೂ ಎರಡು ಸಾಲು. ಎಂದರೆ ನಾನು ಕೂತಿದ್ದದ್ದು 360 ತೂತುಗಳ ಮೇಲೆ. ದಾರ ತೂತನ್ನು ಪೂರ್ತಿ ಮುಚ್ಚುವುದಿಲ್ಲ. ಹತ್ತಿಯ ದಾರವಾದರೆ ದೀಪದ ಬತ್ತಿ ಎಣ್ಣೆ ಎಳೆಯುವಂತೆ ತಾನೇ ನೀರನ್ನು ಒಳಗೆಳೆಯುತ್ತದೆ.

ಬೆನ್ನಿನ ಹೊಲಿಗೆಗೂ ತೂತು ಮುಚ್ಚಲು ಒಳಮೈಗೆ ಅಂಟಿಸುವ ಟೇಪು ಇರಲಿಲ್ಲ, ಆದರೂ ಅದು ಅಷ್ಟು ಸೋರಲಿಲ್ಲ. ಕಾರಣ ಒತ್ತಡ. ಮೈಮೇಲೆ ಜಾರಿ ಹೋಗುವ ಮಳೆಗೆ ಒತ್ತಡ ಕಡಿಮೆ. ಬೈಕಿನ ಸೀಟಿನ ಮೇಲೆ ನಿಂತ ನೀರಿನ ಮೇಲೆ ನಾವು ಕೂತಾಗ ಹಾಗಲ್ಲ. 70 ಕಿಲೋ ಭಾರ 700 ಚದರ ಸೆಂಟಿಮೀಟರಿನಲ್ಲಿ ಹರಡಿದರೆ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ. ಅದು ಒಂದು ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ, ಮೂಳೆ ಊರುವ ಕಡೆ ಇನ್ನೂ ಹೆಚ್ಚು. ಕೋಟಿನ ಚೀಟಿಯಲ್ಲಿ 3,000 ಮಿಲಿಮೀಟರ್, 10,000 ಮಿಲಿಮೀಟರ್ ಎಂದು ಬರೆಯುವುದು ಇದೇ ಲೆಕ್ಕವನ್ನು. ಅದು ಬಟ್ಟೆಯ ಅಳತೆ. ಟೇಪು ಇಲ್ಲದ ಸೂಜಿ ತೂತಿಗೆ ಆ ಅಂಕಿ ಅನ್ವಯಿಸುವುದಿಲ್ಲ.

ಹೊಲಿಗೆಯ ಒಳಮೈಗೆ ಎರಡು ಸೆಂಟಿಮೀಟರ್ ಅಗಲದ ತೆಳು ಪಟ್ಟಿಯನ್ನು ಬಿಸಿಗಾಳಿಯಿಂದ ಅಂಟು ಕರಗಿಸಿ ಕೂರಿಸಿದರೆ ಆ ತೂತುಗಳು ಮುಚ್ಚುತ್ತವೆ. ಈಗ ನಾನು ಅಂಗಡಿಯಲ್ಲಿ ಯಾವ ಕೋಟನ್ನೇ ಕೊಟ್ಟರೂ ಮೊದಲು ಒಳಮೈ ಹೊರಗೆ ಮಾಡುತ್ತೇನೆ. ಭುಜ, ಕಂಕುಳು, ಟೋಪಿ ಕತ್ತಿಗೆ ಕೂಡುವ ಜಾಗ, ಪ್ಯಾಂಟಿನ ನಡು ಇವಿಷ್ಟನ್ನೂ ಬೆರಳಲ್ಲಿ ಸವರುತ್ತೇನೆ. ಕೆಲವರು ಭುಜಕ್ಕೆ ಮಾತ್ರ ಟೇಪು ಹಾಕಿ ಉಳಿದದ್ದನ್ನು ಹಾಗೇ ಬಿಟ್ಟಿರುತ್ತಾರೆ. ಪಟ್ಟಿಯ ಅಡಿಯಲ್ಲಿ ಗಾಳಿಗುಳ್ಳೆ ಇದ್ದರೆ, ಅಂಚು ಉಗುರಿಗೆ ಏಳುವಂತಿದ್ದರೆ, ಹೊಲಿಗೆ ಪಟ್ಟಿಯ ನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ ವಾಪಸು ಕೊಡುತ್ತೇನೆ.

ಬಟ್ಟೆಯ ಆಯ್ಕೆ ಇದಾದ ಮೇಲಿನ ಮಾತು. ಪಿವಿಸಿ, ಲೇಪನದ ನೈಲಾನ್, ಆವಿಯಾಡುವ ಪೊರೆಯ ಬಟ್ಟೆ ಈ ಮೂರನ್ನೂ ಬಳಸಿ ನೋಡಿದ್ದೇನೆ.

ಪಿವಿಸಿಯ ದೊಡ್ಡ ಗುಣವೆಂದರೆ ಅದನ್ನು ಹೊಲಿಯದೆಯೇ ಕಾಯಿಸಿ ಬೆಸೆಯಬಹುದು. ಬೆಸೆದ ಕಡೆ ತೂತೇ ಇಲ್ಲ, ಟೇಪಿನ ಅಗತ್ಯವೂ ಇಲ್ಲ. ಆದರೆ ಅದು ಭಾರ, ಮತ್ತು ಬೆವರಿನ ಆವಿಗೆ ಹೊರದಾರಿ ಇಲ್ಲ. ಕೋಟಾಗಿ ತೊಟ್ಟು ಗುಡ್ಡ ಹತ್ತಿದರೆ ಮಳೆಯಲ್ಲಿ ನೆನೆಯುವಷ್ಟೇ ಬೆವರಿನಲ್ಲಿ ನೆನೆಯುತ್ತೇವೆ. ವರ್ಷಗಳು ಕಳೆದಂತೆ ಅದನ್ನು ಮೆದುವಾಗಿಟ್ಟ ರಾಸಾಯನಿಕ ಹೊರಹೋಗಿ ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ತಲೆಯ ಮೇಲಿಂದ ಇಳಿಬಿಡುವ ಪಾಂಚೋ ಆದರೆ ಮಾತು ಬೇರೆ. ಕೆಳಗೆ, ಬದಿಗೆ ತೆರೆದಿರುವುದರಿಂದ ಗಾಳಿ ಆಡುತ್ತದೆ. ನಮ್ಮ ಅಜ್ಜಂದಿರ ಕಂಬಳಿಕೊಪ್ಪೆ, ನಾಟಿಯವರ ಗೊರಬು ಇದೇ ಉಪಾಯದ್ದು: ಮೇಲೆ ಮುಚ್ಚು, ಮುಂದೆ ತೆರೆ. ಅಂಚೆಚೀಲವೂ ಅದರಡಿ ಅಡಗುತ್ತದೆ. ಆದರೆ ಪಾಂಚೋ ಹಾಕಿಕೊಂಡು ಬೈಕು ಓಡಿಸಬಾರದು. ಗಾಳಿಗೆ ಎದ್ದು ಮುಖಕ್ಕೆ ಬಡಿಯುತ್ತದೆ, ಚಕ್ರಕ್ಕೂ ಸಿಕ್ಕಬಹುದು.

ಲೇಪನದ ನೈಲಾನಿನಲ್ಲಿ ಸಾಮಾನ್ಯವಾಗಿ ಒಳಮೈಗೆ ಪಾಲಿಯುರೆಥೇನ್, ಅಂದರೆ ಪಿಯು ಬಳಿದಿರುತ್ತಾರೆ. ಹಗುರ, ಗಟ್ಟಿ, ಮುಳ್ಳಿಗೆ ಸುಲಭದಲ್ಲಿ ಹರಿಯುವುದಿಲ್ಲ. ಇದರ ಶತ್ರು ತೇವ. ಒದ್ದೆಯಾಗಿಯೇ ಮಡಿಚಿ ಬೈಕಿನ ಡಿಕ್ಕಿಯಲ್ಲಿ ತುರುಕಿಟ್ಟರೆ ಕೆಲವು ವರ್ಷಗಳಲ್ಲಿ ಲೇಪನ ಕೈಗೆ ಅಂಟುತ್ತದೆ, ಹುಳಿ ವಾಸನೆ ಬರುತ್ತದೆ, ಕೊನೆಗೆ ಪೊರೆಯಂತೆ ಸುಲಿಯುತ್ತದೆ. ಆ ಹಂತಕ್ಕೆ ಬಂದದ್ದನ್ನು ಟೇಪು ಉಳಿಸಲಾರದು, ಏಕೆಂದರೆ ಟೇಪು ಅಂಟಿರುವುದೇ ಲೇಪನಕ್ಕೆ.

ಮೂರನೆಯದು ಆವಿಯಾಡುವ ಪೊರೆಯ ಬಟ್ಟೆ. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಚಾರಣಕ್ಕೆ ಕೊಂಡದ್ದನ್ನು ಒಂದು ಮಳೆಗಾಲ ನನಗೆ ಕೊಟ್ಟಿದ್ದ. ನೀರಿನ ಹನಿಗೆ ಸಂದಿ ಕೊಡದೆ ಆವಿಯನ್ನಷ್ಟೇ ಬಿಡುವ ಪೊರೆಯನ್ನು ಬಟ್ಟೆಗೆ ಅಂಟಿಸಿರುತ್ತಾರೆ. ಜಿಟಿಜಿಟಿ ಮಳೆಯಲ್ಲಿ ಗುಡ್ಡ ಹತ್ತುವಾಗ ಬೆನ್ನು ಹಗುರವಾಗಿದ್ದದ್ದು ನಿಜ. ಪುನರ್ವಸು ಮಳೆ ಹಿಡಿದ ಮೇಲೆ ಹಾಗಿರಲಿಲ್ಲ. ಹೊರಮೈಯ ನೀರುಜಾರಿಸುವ ಲೇಪ ಸೋತು ಮೇಲ್ಬಟ್ಟೆ ನೀರು ಕುಡಿದು ಕಪ್ಪಾಯಿತು. ಪೊರೆ ಸೋರಲಿಲ್ಲ, ಆದರೆ ಮೇಲೆ ನೀರಿನ ಹಾಳೆ ಹರಡಿದಾಗ ಆವಿಗೆ ದಾರಿ ಬಹುಮಟ್ಟಿಗೆ ಕಟ್ಟಿಹೋಯಿತು. ಹೊರಗಿನ ಗಾಳಿಯೂ ತೇವದಿಂದ ತುಂಬಿರುವಾಗ ಒಳಗಿನ ಆವಿಯನ್ನು ಹೊರಗೆ ಎಳೆಯುವ ಬಲವೇ ಕುಗ್ಗುತ್ತದೆ. ತೊಳೆದು, ಸೋಪು ಉಳಿಯದಂತೆ ಜಾಲಿಸಿ, ಹದವಾದ ಬಿಸಿ ಕೊಟ್ಟರೆ ಆ ಲೇಪ ಸ್ವಲ್ಪ ಮರಳುತ್ತದೆ. ನಮ್ಮ ಮಳೆಗೆ ಅದನ್ನು ಮತ್ತೆ ಮತ್ತೆ ಮಾಡುತ್ತಿರಬೇಕು. ದಿನವಿಡೀ ಮಳೆಯಲ್ಲಿರುವವನಿಗೆ ಆ ಬೆಲೆ ಸಲ್ಲುವುದಿಲ್ಲ ಎಂಬುದು ನನ್ನ ತೀರ್ಮಾನ. ಬಿಟ್ಟು ಬಿಟ್ಟು ಬರುವ ಮಳೆಯಲ್ಲಿ ನಡೆಯುವವರಿಗೆ ಸಲ್ಲಬಹುದು.

ಈಗ ಬೈಕಿಗೆ ಎಲ್ಲ ಹೊಲಿಗೆಗೂ ಟೇಪು ಹಾಕಿದ ನೈಲಾನ್ ಜೋಡಿ, ನಡಿಗೆಗೆ ಪಿವಿಸಿ ಪಾಂಚೋ ಇಟ್ಟುಕೊಂಡಿದ್ದೇನೆ. ಒಳಗೆ ಒದ್ದೆಯಾದರೆ ಬೆವರೋ ಸೋರಿಕೆಯೋ ಎಂದು ಕೈಯಿಂದಲೇ ತಿಳಿಯುತ್ತದೆ. ಬೆವರು ಬೆನ್ನು, ತೋಳಿನ ತುಂಬ ಬೆಚ್ಚಗೆ ಹರಡಿರುತ್ತದೆ. ಸೋರಿಕೆ ತಣ್ಣಗೆ, ಗೆರೆ ಎಳೆದಂತೆ ಇರುತ್ತದೆ.

ಹಳೆಯ ಪ್ಯಾಂಟನ್ನೂ ಎಸೆಯಲಿಲ್ಲ. ಒಳಹೊಲಿಗೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಪಿಯು ಬಟ್ಟೆಗೆಂದೇ ಸಿಗುವ ಹೊಲಿಗೆ ಅಂಟನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಳುವಾಗಿ ಎರಡು ಸಲ ಸವರಿದೆ. ನಾಲ್ಕು ಹೊಲಿಗೆ ಕೂಡುವ ಕಡೆ ಮೂರನೆಯ ಸಲವೂ ಕೊಟ್ಟೆ. ಸಿಲಿಕೋನ್ ಲೇಪನದ ನೈಲಾನಿಗೆ ಈ ಅಂಟು ಹಿಡಿಯುವುದಿಲ್ಲ, ಅದಕ್ಕೆ ಸಿಲಿಕೋನಿನದೇ ಬೇಕು. ಒಂದು ಇಡೀ ದಿನ ನೆರಳಿನಲ್ಲಿ ಹರಡಿಟ್ಟು, ಮತ್ತೆ ಬಕೆಟ್ಟಿನ ಮೇಲೆ ಜೋಲಿ ಕಟ್ಟಿ ಎರಡು ಚೊಂಬು ನೀರು ಹೊಯ್ದೆ. ಕೆಳಗೆ ಹಾಸಿದ್ದ ದಿನಪತ್ರಿಕೆ ಬೆಳಗಿನವರೆಗೂ ಗರಿಗರಿಯಾಗಿಯೇ ಇತ್ತು.